ಡೊಳ್ಳು ಕುಣಿತ ನೋಡುವಾಗ ಕಣ್ಣು ಕಾಲಿನ ಮೇಲಿರಲಿ

ಒಂದು ಸಲ ಸಾಗರದ ಕಡೆಯ ಹಳ್ಳಿಯೊಂದರಲ್ಲಿ ಡೊಳ್ಳಿನ ತಂಡದವರು ಅಭ್ಯಾಸ ಮಾಡುತ್ತಿದ್ದರು. ಸುಮ್ನೆ ನೋಡುತ್ತಾ ನಿಂತವನನ್ನು ಕರೆದು ಸೊಂಟಕ್ಕೆ ಡೊಳ್ಳು ಕಟ್ಟಿಬಿಟ್ಟರು. ನಿಂತಲ್ಲೇ ಬಾರಿಸಿದೆ, ಪರವಾಗಿಲ್ಲ ಅನ್ನಿಸಿತು. ಬಾರಿಸದೆ ಹೆಜ್ಜೆ ಹಾಕಿದೆ, ಅದೂ ಬಂತು. ಎರಡನ್ನೂ ಒಟ್ಟಿಗೆ ಮಾಡಹೋದಾಗ ಮೂರನೇ ಹೆಜ್ಜೆಗೆ ಕೈ ಒಂದು ಕಡೆ, ಕಾಲು ಇನ್ನೊಂದು ಕಡೆ. ತಂಡದ ಹಿರಿಯರು ನಕ್ಕು ಹೇಳಿದರು: "ಕೈ ಬಿಡು ತಮ್ಮಾ. ಮೊದಲು ಕಾಲು ಕಲಿ. ಕಾಲು ಬಂದರೆ ಕೈ ತಾನೇ ಬರ್ತದೆ."

ಆಮೇಲೆ ನಾನು ಡೊಳ್ಳು ಕುಣಿತ ನೋಡುವ ರೀತಿಯೇ ಬದಲಾಯಿತು. ಅದಕ್ಕೂ ಮೊದಲು ಎಲ್ಲರ ಹಾಗೆ ನಾನೂ ಕೈ ನೋಡುತ್ತಿದ್ದೆ, ಕೋಲು ನೋಡುತ್ತಿದ್ದೆ, ಕೊನೆಗೆ ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತುವುದಕ್ಕೆ ಕಾಯುತ್ತಿದ್ದೆ. ಆದರೆ ಡೊಳ್ಳಿನ ಗುಟ್ಟು ಇರುವುದು ಕೈ ಮತ್ತು ಕಾಲು ಕೂಡುವ ಜಾಗದಲ್ಲಿ. ಅದನ್ನು ನೋಡುವುದು ಹೇಗೆ ಅಂತ ಇಲ್ಲಿ ಒಂದೊಂದಾಗಿ ಹೇಳುತ್ತೇನೆ. ಮುಂದಿನ ಜಾತ್ರೆಯಲ್ಲೋ ದಸರಾ ಮೆರವಣಿಗೆಯಲ್ಲೋ ಪ್ರಯೋಗ ಮಾಡಿ ನೋಡಿ.

ಮೊದಲು ಜಾಗ ಹಿಡಿಯಿರಿ

ಡೊಳ್ಳು ದೊಡ್ಡ ಸದ್ದಿನ ವಾದ್ಯ, ದೂರದಿಂದಲೂ ಚೆನ್ನಾಗಿ ಕೇಳುತ್ತದೆ. ಹಾಗಂತ ದೂರ ನಿಲ್ಲಬೇಡಿ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೀವು 50 ಮೀಟರ್ ಆಚೆ ನಿಂತರೆ ಕೋಲು ಚರ್ಮಕ್ಕೆ ತಾಗಿದ್ದು ಕಣ್ಣಿಗೆ ಮೊದಲು ಕಾಣುತ್ತದೆ, ಸದ್ದು ಸುಮಾರು 0.15 ಸೆಕೆಂಡ್ ತಡವಾಗಿ ಬರುತ್ತದೆ. ಕೇಳಲು ಇದು ಸಣ್ಣ ಲೆಕ್ಕ. ಆದರೆ ಹೆಜ್ಜೆಗೂ ಪೆಟ್ಟಿಗೂ ಹೊಂದಿಕೆ ಇದೆಯಾ ಅಂತ ನೋಡುವವನಿಗೆ ಅಷ್ಟು ಸಾಕು, ಚೆನ್ನಾಗಿ ಕುಣಿಯುವ ತಂಡವೂ ತಪ್ಪಿದ ಹಾಗೆ ಕಾಣುತ್ತದೆ.

ಹತ್ತು ಹದಿನೈದು ಮೀಟರ್ ಒಳಗೆ ನಿಲ್ಲಿ. ತಂಡ ಸಾಮಾನ್ಯವಾಗಿ ಅರ್ಧ ವೃತ್ತದಲ್ಲಿ ನಿಲ್ಲುತ್ತದೆ. ಆ ವೃತ್ತದ ಬಾಯಿ ತೆರೆದಿರುವ ಕಡೆ ನೀವಿರಬೇಕು. ಬದಿಗೆ ನಿಂತರೆ ಹತ್ತಿರದವನ ಡೊಳ್ಳು ಕಿವಿ ತುಂಬಿ ಉಳಿದವರ ಸದ್ದನ್ನು ನುಂಗಿಬಿಡುತ್ತದೆ. ಸ್ಪೀಕರ್ ಪಕ್ಕವಂತೂ ಬೇಡವೇ ಬೇಡ.

ಅಂದ ಹಾಗೆ, ಅರ್ಧ ವೃತ್ತ ಬರೀ ಅಂದಕ್ಕಲ್ಲ. ಹಲವು ತಂಡಗಳಲ್ಲಿ ತಾಳ ಹಿಡಿದವರು ನಡುವೆ ಇರುತ್ತಾರೆ. ವೃತ್ತದ ನಡುವೆ ತಾಳ ಇದ್ದರೆ ಅದು ಎಲ್ಲರಿಗೂ ಒಂದೇ ದೂರ. ಎಲ್ಲರ ಕಿವಿಗೂ ಒಂದೇ ಹೊತ್ತಿಗೆ ಬೀಳುತ್ತದೆ, ಎಲ್ಲರ ಕಣ್ಣಿಗೂ ಉಳಿದವರು ಕಾಣುತ್ತಾರೆ. ಅದೇ ತಂಡ ಮೆರವಣಿಗೆಯಲ್ಲಿ ಉದ್ದ ಸಾಲಾಗಿ ಹೊರಟಾಗ ಈ ಅನುಕೂಲ ಹೋಗುತ್ತದೆ. ಸಾಲಿನ ಹಿಂದಿನವರಿಗೆ ಮುಂದಿನ ತಾಳ ತಡವಾಗಿ ಕೇಳುತ್ತದೆ. ಅದಕ್ಕೇ ಮೆರವಣಿಗೆಯಲ್ಲಿ ಅನುಭವ ಇರುವ ಹಿಂಬದಿಯವರು ಕಿವಿಯನ್ನು ನಂಬುವುದಿಲ್ಲ, ಮುಂದಿನವನ ಬೆನ್ನು, ಭುಜ ನೋಡಿ ಬಾರಿಸುತ್ತಾರೆ. ಮೆರವಣಿಗೆ ನೋಡುವಾಗ ಹಿಂದಿನ ಸಾಲಿನವರ ಕಣ್ಣು ಎಲ್ಲಿದೆ ಅಂತ ಗಮನಿಸಿ, ಗೊತ್ತಾಗುತ್ತದೆ.

ಎರಡು ದನಿ ಬೇರೆ ಮಾಡಿ ಕೇಳಿ

ಡೊಳ್ಳಿಗೆ ಎರಡು ಮುಖ. ನಡುವೆ ಮರದ ಹೊಟ್ಟೆ, ಎರಡೂ ಕಡೆ ಆಡಿನದೋ ಕುರಿಯದೋ ಚರ್ಮ, ಹಗ್ಗದಿಂದ ಬಿಗಿದಿರುತ್ತದೆ. ಬಲಗೈಯಲ್ಲಿ ಕೋಲು, ಎಡಗೈ ಖಾಲಿ. ಅಂದರೆ ಒಂದು ಕಡೆ ಕೋಲಿನ ಪೆಟ್ಟು, ಇನ್ನೊಂದು ಕಡೆ ಅಂಗೈ ಪೆಟ್ಟು.

ಕೋಲಿನ ಸದ್ದು ಚುರುಕು, ಕಿವಿಗೆ ಮೊದಲು ಸಿಗುವುದು ಅದೇ. ಅಂಗೈ ಸದ್ದು ದಪ್ಪ, ಎದೆಗೆ ತಾಗುತ್ತದೆ. ಮೊದಲ ಎರಡು ನಿಮಿಷ ಕುಣಿತ ನೋಡಬೇಡಿ, ಕಣ್ಣು ಮುಚ್ಚಿಯಾದರೂ ಸರಿ, ಬರೀ ದಪ್ಪ ಸದ್ದನ್ನು ಹಿಂಬಾಲಿಸಿ. ಕೋಲು ಎಷ್ಟೇ ಗಲಾಟೆ ಮಾಡಲಿ, ದಪ್ಪ ಪೆಟ್ಟು ಒಂದು ಲೆಕ್ಕದಲ್ಲಿ ತಿರುಗಿ ತಿರುಗಿ ಬರುತ್ತಿರುತ್ತದೆ. ಅದು ಸಿಕ್ಕ ಮೇಲೆ ಕಣ್ಣು ಬಿಟ್ಟು ಕಾಲು ನೋಡಿ. ದಪ್ಪ ಪೆಟ್ಟು ಬಿದ್ದಾಗಲೆಲ್ಲ ಮೈಯ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಇಳಿಯುವುದು ಕಾಣುತ್ತದೆ.

ಇದಕ್ಕೆ ಕಾರಣ ಸರಳ. ಡೊಳ್ಳು ಹಗುರದ ವಾದ್ಯವಲ್ಲ. ಹತ್ತು ಕಿಲೋ, ಅದಕ್ಕಿಂತ ಜಾಸ್ತಿ ತೂಕದವೂ ಇವೆ. ಅಷ್ಟು ಭಾರ ಹೊಟ್ಟೆಯ ಮುಂದೆ ತೂಗಾಡುವಾಗ ಕಾಲು ಕೂಡಿಸಿ ನೆಟ್ಟಗೆ ನಿಲ್ಲಲು ಆಗುವುದಿಲ್ಲ, ಮುಂದಕ್ಕೆ ಮುಗ್ಗರಿಸುತ್ತೀರಿ. ಕಾಲು ಅಗಲಿಸಬೇಕು, ಮಂಡಿ ಸ್ವಲ್ಪ ಬಗ್ಗಿಸಬೇಕು, ಬೆನ್ನು ತುಸು ಹಿಂದಕ್ಕೆ ಇರಬೇಕು. ಡೊಳ್ಳು ಕುಣಿತದ ಆ ಗತ್ತಿನ ನಿಲುವು ಹುಟ್ಟಿದ್ದೇ ಭಾರ ಹೊರುವ ಉಪಾಯದಿಂದ. ಜೋರಾಗಿ ಬಾರಿಸಬೇಕೆಂದರೆ ತೋಳಿನ ಬಲ ಸಾಲದು, ನೆಲ ಒತ್ತಿದ ಕಾಲಿನಿಂದ ಬಲ ಬರಬೇಕು. ಹಾಗಾಗಿ ಜೋರು ಪೆಟ್ಟು ಬೀಳುವುದೂ ಕಾಲು ಊರುವುದೂ ಒಂದೇ ಹೊತ್ತಿಗೆ. ಇಲ್ಲಿ ವಾದ್ಯದವರು ಬೇರೆ, ಕುಣಿಯುವವರು ಬೇರೆ ಅಂತ ಇಲ್ಲ ನೋಡಿ. ಒಂದೇ ಮೈ ಎರಡೂ ಕೆಲಸ ಮಾಡಬೇಕು, ಹಾಗಾಗಿ ಅವೆರಡೂ ಬೇರೆಯಾಗಿ ಉಳಿಯಲು ಸಾಧ್ಯವೇ ಇಲ್ಲ.

ಉತ್ತರ ಕರ್ನಾಟಕದಲ್ಲಿ ಡೊಳ್ಳಿನ ಪದ ಕೇಳಿದವರಿಗೆ ಇದು ಹೊಸದು ಅನ್ನಿಸಬಹುದು. ಅಲ್ಲಿ ಹಾಡು ಮುಖ್ಯ, ಡೊಳ್ಳು ಹಾಡಿಗೆ ಜೊತೆ. ನಾನಿಲ್ಲಿ ಹೇಳುತ್ತಿರುವುದು ಕುಣಿತದ ಮಾತು.

ಒಂದು ಗತ್ತನ್ನು ಬಿಡಿಸಿ ನೋಡೋಣ

ತಂಡದವರು ಒಂದೊಂದು ಬಾರಿಸುವ ಮಾದರಿಗೆ ಗತ್ತು ಅನ್ನುತ್ತಾರೆ. ಊರಿಗೊಂದು ರೀತಿ, ತಂಡಕ್ಕೊಂದು ರೀತಿ. ನೋಡುವವರಿಗೆ ದಾರಿ ಸಿಗಲಿ ಅಂತ ನಾನು ಎಂಟು ಎಣಿಕೆಯ ಒಂದು ಸರಳ ಮಾದರಿ ಕಟ್ಟಿಕೊಡುತ್ತೇನೆ. ಇದು ಯಾವ ತಂಡದ ಗತ್ತೂ ಅಲ್ಲ, ಅಭ್ಯಾಸಕ್ಕೆ ಅಷ್ಟೇ. ಅಂಗೈ ಪೆಟ್ಟಿಗೆ "ಧಿಂ", ಕೋಲಿಗೆ "ಟ" ಅಂತ ಇಟ್ಟುಕೊಳ್ಳಿ.

ಧಿಂ – ಟ – ಟ – (ಬಿಡುವು)
ಧಿಂ – ಟ – ಟ – (ಬಿಡುವು)

ಬಾಯಲ್ಲಿ ಹೇಳಿಕೊಂಡು ಎದ್ದು ನಿಲ್ಲಿ. ಒಂದನೇ ಎಣಿಕೆಯ "ಧಿಂ"ಗೆ ಎಡಗಾಲು ಮುಂದೆ ಊರಿ. ಎರಡಕ್ಕೆ ಕಾಲು ಸುಮ್ಮನೆ, ಕೋಲು ಮಾತ್ರ. ಮೂರಕ್ಕೆ ಬಲಗಾಲು ತಂದು ಪಕ್ಕದಲ್ಲಿಡಿ. ನಾಲ್ಕು ಖಾಲಿ, ಕೈಗೆ ಕೆಲಸವಿಲ್ಲ, ಅಲ್ಲಿ ಮಂಡಿ ಬಗ್ಗಿಸಿ. ಐದಕ್ಕೆ ಮತ್ತೆ "ಧಿಂ", ಎಡಗಾಲು ಹಿಂದಕ್ಕೆ. ಆರಕ್ಕೆ ಕೋಲು. ಏಳಕ್ಕೆ ಬಲಗಾಲೂ ಹಿಂದಕ್ಕೆ. ಎಂಟು ಖಾಲಿ. ಅಲ್ಲಿ ನೆಲದಿಂದ ಸ್ವಲ್ಪ ಹಾರಿ, ಮುಂದಿನ ಸುತ್ತಿನ ಒಂದನೇ "ಧಿಂ"ಗೆ ಸರಿಯಾಗಿ ಇಳಿಯಿರಿ.

ನಾಲ್ಕು ಸುತ್ತು ಮಾಡಿದರೆ ಒಂದು ವಿಷಯ ತಾನಾಗಿ ಅರ್ಥವಾಗುತ್ತದೆ. ಕೈ ಸುಮ್ಮನಾದ ಜಾಗದಲ್ಲೇ ಮೈ ದೊಡ್ಡ ಕೆಲಸ ಮಾಡುತ್ತಿದೆ. ನಾಲ್ಕರಲ್ಲಿ ಬಾಗುವುದು, ಎಂಟರಲ್ಲಿ ಹಾರುವುದು. ಸದ್ದಿನಲ್ಲಿ ಬಿಡುವಿದೆ, ಕುಣಿತದಲ್ಲಿ ಬಿಡುವಿಲ್ಲ. ಕಾಲಿಗೆ ಗೆಜ್ಜೆ ಕಟ್ಟಿದ್ದರೆ ಆ ಬಿಡುವಿನಲ್ಲಿ "ಝಲ್" ಅಂತ ಕೇಳುತ್ತದೆ, ಉಳಿದ ಹೊತ್ತಿನಲ್ಲಿ ಡೊಳ್ಳಿನ ಸದ್ದು ಅದನ್ನು ಮುಚ್ಚಿಬಿಡುತ್ತದೆ. ತಂಡವೊಂದು ಕುಣಿಯುವಾಗ ಈ ಖಾಲಿ ಎಣಿಕೆಗಳನ್ನು ಹುಡುಕಿ. ಡೊಳ್ಳೂ ಕುಣಿತವೂ ಎಲ್ಲಿ ಕೈಗೆ ಕೈ ಕೊಡುತ್ತವೆ ಅನ್ನುವುದು ಅಲ್ಲೇ ಸಿಗುತ್ತದೆ.

ಇನ್ನೊಂದು ಸೂಕ್ಷ್ಮ. ಹಾರುವವನು "ಧಿಂ" ಬಿದ್ದ ಮೇಲೆ ಹಾರಿದರೆ ತಡವಾಯಿತು ಅಂತಲೇ ಅರ್ಥ. ಪಾದ ನೆಲ ಮುಟ್ಟುವುದೂ ಅಂಗೈ ಚರ್ಮ ಮುಟ್ಟುವುದೂ ಒಟ್ಟಿಗೆ ಆಗಬೇಕು. ಅಂದರೆ ಹಾರುವ ನಿರ್ಧಾರ ಪೆಟ್ಟಿಗಿಂತ ಮುಂಚೆ ಆಗಿರಬೇಕು. ಹೊಸಬರು ಎಡವುವುದು ಇಲ್ಲೇ. ಅವರು ಪಕ್ಕದವನ ಸದ್ದು ಕೇಳಿ ಹಾರುತ್ತಾರೆ, ಇಳಿಯುವಷ್ಟರಲ್ಲಿ ಪೆಟ್ಟು ಹೋಗಿರುತ್ತದೆ. ಹಳಬರು ಎಣಿಕೆಯನ್ನು ಮೈಯಲ್ಲೇ ಇಟ್ಟುಕೊಂಡಿರುತ್ತಾರೆ, ಯಾರಿಗೂ ಕಾಯುವುದಿಲ್ಲ.

ವೇಗ ಏರಿದಾಗ ಹಾರುವ ಎತ್ತರ ನೋಡಿ

ಕುಣಿತ ಸಾಮಾನ್ಯವಾಗಿ ನಿಧಾನವಾಗಿ ಶುರುವಾಗಿ ಏರುತ್ತದೆ. ಏರಿದಾಗ ಜನ ಸಿಳ್ಳೆ ಹೊಡೆಯುತ್ತಾರೆ. ನೀವು ಆಗ ಪಾದ ನೆಲದಿಂದ ಎಷ್ಟು ಮೇಲೆ ಏಳುತ್ತಿದೆ ಅಂತ ನೋಡಿ.

ಒಂದು ಲೆಕ್ಕ ಹೇಳುತ್ತೇನೆ, ಒಂದೇ ಒಂದು. ನಿಮಿಷಕ್ಕೆ 120 ಎಣಿಕೆಯ ವೇಗ ಅಂದುಕೊಳ್ಳಿ. ಎಣಿಕೆಗೆ ಅರ್ಧ ಸೆಕೆಂಡ್. ಹೆಚ್ಚುಕಡಿಮೆ ಒಂದು ಗೇಣು, ಅಂದರೆ 20 ಸೆಂಟಿಮೀಟರ್ ಹಾರಿದರೆ ಮತ್ತೆ ನೆಲಕ್ಕೆ ಬರಲು 0.4 ಸೆಕೆಂಡ್ ಬೇಕು. ಎಂಟರಲ್ಲಿ ಹಾರಿ ಒಂದಕ್ಕೆ ಇಳಿಯಲು ಸಮಯ ಸಾಕು. ವೇಗ 180ಕ್ಕೆ ಏರಿದರೆ ಎಣಿಕೆಗೆ ಸಿಗುವುದು ಸೆಕೆಂಡಿನ ಮೂರನೇ ಒಂದು ಭಾಗ. ಅಷ್ಟರಲ್ಲಿ ಹಾರಿ ಇಳಿಯಬೇಕಾದರೆ ಅರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ ಮಾತ್ರ ಏಳಬಹುದು. ಯಾರೇ ಆದರೂ ಅಷ್ಟೇ. ಮೇಲೆ ಹೋದದ್ದು ಕೆಳಗೆ ಬರುವ ವೇಗವನ್ನು ಯಾವ ಕಲಾವಿದನೂ ಬದಲಿಸಲಾರ.

ಹಾಗಾಗಿ ವೇಗ ಏರಿದಾಗ ಚೆನ್ನಾಗಿ ಪಳಗಿದ ತಂಡದ ಹೆಜ್ಜೆ ಚಿಕ್ಕದಾಗುತ್ತದೆ, ಪಾದ ನೆಲಕ್ಕೆ ಹತ್ತಿರ ಬರುತ್ತದೆ. ಇಲ್ಲವಾದರೆ ಎರಡು ಎಣಿಕೆಗೆ ಒಂದು ಹಾರುವಿಕೆ ಅಂತ ಮಾಡಿಕೊಳ್ಳುತ್ತಾರೆ, ಆಗ ಎತ್ತರ ಉಳಿಯುತ್ತದೆ. ಎರಡೂ ಬುದ್ಧಿವಂತಿಕೆಯೇ. ಪಳಗದ ತಂಡ ಮಾತ್ರ ಚಪ್ಪಾಳೆಗೆ ಮರುಳಾಗಿ ವೇಗವನ್ನೂ ಏರಿಸುತ್ತದೆ, ಎತ್ತರವನ್ನೂ ಬಿಡುವುದಿಲ್ಲ. ಆಗ ಏನಾಗುತ್ತದೆ? ಕೈ ಓಡುತ್ತದೆ, ಕಾಲು ಹಿಂದುಳಿಯುತ್ತದೆ. ಒಂದೇ ಏಟಿನ ಹಾಗೆ ಬೀಳಬೇಕಾದ ಹತ್ತು ಹನ್ನೆರಡು ಪೆಟ್ಟುಗಳು ಮೊರದಿಂದ ಜೋಳ ಚೆಲ್ಲಿದ ಹಾಗೆ ಬೀಳುತ್ತವೆ. ಗದ್ದಲ ಜಾಸ್ತಿಯಾಗಿದ್ದಕ್ಕೆ ಜನ ಖುಷಿಪಡುತ್ತಾರೆ, ಆದರೆ ತಾಳ ಹಿಡಿದವನ ಮುಖ ನೋಡಿ, ಅಲ್ಲಿ ಖುಷಿ ಇರುವುದಿಲ್ಲ.

ತಿರುಗುವಾಗ ಡೊಳ್ಳು ಏನು ಮಾಡುತ್ತದೆ

ಇದು ನನಗೆ ತುಂಬಾ ಇಷ್ಟದ ಭಾಗ. ಕುಣಿಯುವವನು ಗಿರಕಿ ಹೊಡೆಯುವಾಗ ಮೈ ಮೊದಲು ತಿರುಗುತ್ತದೆ, ಡೊಳ್ಳು ಸ್ವಲ್ಪ ಹಿಂದೆ ಉಳಿಯುತ್ತದೆ. ಮೈ ನಿಂತಾಗ ಡೊಳ್ಳು ನಿಲ್ಲುವುದಿಲ್ಲ, ಇನ್ನೂ ಮುಂದಕ್ಕೆ ಹೋಗಲು ನೋಡುತ್ತದೆ. ಹಗ್ಗದಲ್ಲಿ ನೇತುಬಿದ್ದ ಭಾರ ಅದು, ತನ್ನದೇ ಹಟ ಇದೆ. ಹಾಗಾಗಿ ತಿರುಗಿ ನಿಂತ ತಕ್ಷಣದ ಪೆಟ್ಟು ಬಹಳ ಕಷ್ಟ. ಕೋಲು ಹೋಗುವ ಜಾಗದಲ್ಲಿ ಚರ್ಮ ಇರುವುದಿಲ್ಲ.

ತಪ್ಪಿದ್ದು ಕಿವಿಗೇ ಗೊತ್ತಾಗುತ್ತದೆ. ಕೋಲು ಅಂಚಿಗೆ, ಮರಕ್ಕೆ ತಾಗಿದರೆ "ಟಕ್" ಅಂತ ಒಣ ಸದ್ದು. ಚರ್ಮದ ಸದ್ದಿಗೂ ಮರದ ಸದ್ದಿಗೂ ವ್ಯತ್ಯಾಸ ಒಮ್ಮೆ ಗೊತ್ತಾದರೆ ಮತ್ತೆ ಮರೆಯುವುದಿಲ್ಲ. ಕೆಲವು ಗತ್ತುಗಳಲ್ಲಿ ಬೇಕೆಂದೇ ಮರಕ್ಕೆ ಬಡಿಯುವುದೂ ಉಂಟು, ಅದು ಎಲ್ಲರಿಂದಲೂ ಒಟ್ಟಿಗೆ ಬರುತ್ತದೆ. ಒಬ್ಬನಿಂದ ಮಾತ್ರ ಬಂದರೆ ಅದು ತಪ್ಪು.

ಪಳಗಿದವರು ಇದಕ್ಕೆ ಉಪಾಯ ಮಾಡುತ್ತಾರೆ. ಎಡಗೈ ಅಂಗೈ ಚರ್ಮದಿಂದ ದೂರ ಹೋಗುವುದೇ ಇಲ್ಲ. ತಿರುಗುವಾಗ ಆ ಕೈಯೇ ಡೊಳ್ಳನ್ನು ಮೈಗೆ ಒತ್ತಿ ಹಿಡಿಯುತ್ತದೆ, ನಿಂತ ಕೂಡಲೇ ಅದೇ ಕೈ "ಧಿಂ" ಅನ್ನುತ್ತದೆ. ಬಾರಿಸುವ ಕೈಯೇ ಲಗಾಮು. ಗಿರಕಿಯ ಹೊತ್ತಿನಲ್ಲಿ ಎಲ್ಲರೂ ಕೋಲು ಎತ್ತಿದ ಬಲಗೈ ನೋಡುತ್ತಾರೆ, ನೀವು ಎಡಗೈ ನೋಡಿ. ಹೊಸಬನ ಎಡಗೈ ಗಾಳಿಯಲ್ಲಿರುತ್ತದೆ, ಡೊಳ್ಳು ಅವನ ಸೊಂಟವನ್ನು ಎಳೆಯುತ್ತಿರುತ್ತದೆ. ಸೊಂಟದ ಕಟ್ಟು ಸಡಿಲವಾಗಿದ್ದರೆ ಹಳಬನಿಗೂ ಇದೇ ಗತಿ. ಅದಕ್ಕೇ ಶುರುವಾಗುವ ಮೊದಲು ಒಬ್ಬರಿಗೊಬ್ಬರು ಹಗ್ಗ ಎಳೆದು ಬಿಗಿದುಕೊಳ್ಳುವುದು.

ಗತ್ತು ಬದಲಾಗುವ ಗಳಿಗೆ

ಒಂದು ಗತ್ತಿನಿಂದ ಇನ್ನೊಂದಕ್ಕೆ ಹತ್ತಾರು ಜನ ಒಟ್ಟಿಗೆ ಹೇಗೆ ದಾಟುತ್ತಾರೆ? ಯಾರೂ ಕಾಗದ ನೋಡುವುದಿಲ್ಲ. ಎಷ್ಟು ಸುತ್ತು ಆಗಬೇಕು ಅನ್ನುವುದೂ ಆ ದಿನದ ಜಾಗ, ಜನ, ಸುಸ್ತು ನೋಡಿಕೊಂಡು ಬದಲಾಗುತ್ತದೆ. ಹಾಗಾಗಿ ಸೂಚನೆ ಕುಣಿತದ ಒಳಗಿನಿಂದಲೇ ಬರಬೇಕು.

ಮುಂದಾಳು ಯಾರು ಅಂತ ಮೊದಲು ಗುರುತಿಸಿ. ಉಳಿದವರು ಆಗಾಗ ಯಾರ ಕಡೆ ಕಣ್ಣು ಹಾಯಿಸುತ್ತಾರೋ ಅವನೇ. ಸೂಚನೆ ಒಂದು ಕೂಗು ಆಗಿರಬಹುದು, ಕೋಲು ತಲೆಯ ಮೇಲೆ ಎತ್ತಿದ್ದು ಆಗಿರಬಹುದು, ತಾಳದವನ ಬೇರೆ ಪೆಟ್ಟು ಆಗಿರಬಹುದು, ಮುಂದಾಳು ಬಾರಿಸಿದ ಒಂದು ಬೇರೆ ತುಣುಕೂ ಆಗಿರಬಹುದು. ಸೂಚನೆ ಬಂದ ತಕ್ಷಣ ಗತ್ತು ಬದಲಾಗುವುದಿಲ್ಲ. ನಡೆಯುತ್ತಿರುವ ಸುತ್ತು ಮುಗಿಯಬೇಕು. ನಮ್ಮ ಎಂಟರ ಮಾದರಿಯಲ್ಲಿ ಐದನೇ ಎಣಿಕೆಗೆ ಕೂಗು ಬಿದ್ದರೆ ಆರು, ಏಳು, ಎಂಟು ಹಳೆಯ ಗತ್ತೇ, ಹೊಸ ಗತ್ತು ಒಂದರಿಂದ. ನಿಮಿಷಕ್ಕೆ 120 ಎಣಿಕೆಯ ವೇಗದಲ್ಲಿ ಮೂರು ಎಣಿಕೆ ಅಂದರೆ ಒಂದೂವರೆ ಸೆಕೆಂಡ್. ಅಷ್ಟರಲ್ಲಿ ಎಲ್ಲರೂ ಕೇಳಿ, ಗುರುತಿಸಿ, ಕಾಲು ಸಿದ್ಧ ಮಾಡಿಕೊಳ್ಳಬೇಕು.

ಈ ಒಂದೂವರೆ ಸೆಕೆಂಡಿನಲ್ಲಿ ತಂಡದ ನಿಜವಾದ ಮಟ್ಟ ಕಾಣುತ್ತದೆ. ಚೆನ್ನಾಗಿರುವ ತಂಡದಲ್ಲಿ ಬದಲಾವಣೆ ಆಗಿದ್ದೇ ಗೊತ್ತಾಗುವುದಿಲ್ಲ, ಮಡಚಿದ ಬಟ್ಟೆ ಬಿಚ್ಚಿಕೊಂಡ ಹಾಗೆ ಅರ್ಧ ವೃತ್ತ ಎರಡು ಸಾಲಾಗಿರುತ್ತದೆ. ಸಾಧಾರಣ ತಂಡದಲ್ಲಿ ಕೈ ಸರಿಯಾಗಿ ಬದಲಾಗುತ್ತದೆ, ಆದರೆ ಒಬ್ಬಿಬ್ಬರ ಕಾಲು ಹಳೆಯ ದಿಕ್ಕಿಗೆ ಒಂದು ಹೆಜ್ಜೆ ಜಾಸ್ತಿ ಹೋಗಿರುತ್ತದೆ. ಆಮೇಲೆ ಅವರು ಹೇಗೆ ಸರಿಮಾಡಿಕೊಳ್ಳುತ್ತಾರೆ ಅಂತ ನೋಡುವುದೂ ಒಂದು ಮಜಾ. ಜಾಣ ಆಟಗಾರ ಬಾರಿಸುವುದನ್ನು ನಿಲ್ಲಿಸುವುದಿಲ್ಲ. ಒಂದೆರಡು ಎಣಿಕೆ ಹೆಜ್ಜೆ ಬಿಟ್ಟು ನಿಂತಲ್ಲೇ ಮಂಡಿ ಆಡಿಸಿ ಮುಂದಿನ "ಧಿಂ"ಗೆ ಕೂಡಿಕೊಳ್ಳುತ್ತಾನೆ.

ಹೆಗಲ ಮೇಲೆ ಹತ್ತಿದಾಗ

ಒಬ್ಬರ ಮೇಲೊಬ್ಬರು ಹತ್ತಿ ಗೋಪುರ ಕಟ್ಟುವುದು ವೇದಿಕೆಯಲ್ಲಿ ಚಪ್ಪಾಳೆ ತರುವ ಭಾಗ. ನನಗೆ ಇದರ ಮೇಲೆ ಅಂಥ ಮೋಹವಿಲ್ಲ. ಆದರೂ ನೋಡಬೇಕಾದದ್ದು ಒಂದಿದೆ. ಮೇಲೆ ನಿಂತವನಲ್ಲ, ಕೆಳಗಿನವನು. ಅವನ ಹೆಗಲ ಮೇಲೆ ಒಬ್ಬ ಆಳು, ಸೊಂಟದಲ್ಲಿ ಡೊಳ್ಳು, ಕಾಲು ಆಡಿಸುವ ಹಾಗಿಲ್ಲ. ಕುಣಿತ ನಿಂತುಹೋಗಿದೆ, ಬಾರಿಸುವುದು ಮಾತ್ರ ನಡೆಯಬೇಕು. ಕಾಲಿನ ಬಲ ಇಲ್ಲದೆ ಬರೀ ತೋಳಿನಿಂದ ಬಾರಿಸುವಾಗ ಸದ್ದು ತೆಳುವಾಗುವುದು ಸಹಜ. ಸುತ್ತ ನಿಂತವರು ಅದನ್ನು ತುಂಬಿಕೊಡುತ್ತಾರಾ, ಇಲ್ಲ ಅವರೂ ಮೇಲೆ ನೋಡುತ್ತಾ ಮೈಮರೆಯುತ್ತಾರಾ ಗಮನಿಸಿ.

ಚರ್ಮ, ಹವೆ, ಮತ್ತೆ ದೇವರು

ಮಲೆನಾಡಿನ ಸಂಜೆಯಲ್ಲಿ ಡೊಳ್ಳಿನ ಸದ್ದು "ಬದ ಬದ" ಅಂತ ಕೇಳಿದರೆ ತಂಡವನ್ನು ಬಯ್ಯಬೇಡಿ. ತೇವಕ್ಕೆ ಚರ್ಮ ಸಡಿಲವಾಗುತ್ತದೆ. ಹಗ್ಗ ಬಿಗಿದು, ಬಿಸಿಲಿಗೋ ಬೆಂಕಿಯ ಕಾವಿಗೋ ಹಿಡಿದು ಸರಿಮಾಡಿಕೊಳ್ಳುತ್ತಾರೆ. ಸಾಧ್ಯವಾದರೆ ಅರ್ಧ ಗಂಟೆ ಮುಂಚೆ ಹೋಗಿ ಇದನ್ನೂ ನೋಡಿ. ಕಾವು ಕೊಡುತ್ತಾ, ನಡುನಡುವೆ ಬೆರಳಲ್ಲಿ ತಟ್ಟಿ ಕೇಳುತ್ತಾ, ಎಲ್ಲ ಡೊಳ್ಳುಗಳ ದನಿ ಹತ್ತಿರ ಹತ್ತಿರ ಬರುವ ತನಕ ಬಿಡುವುದಿಲ್ಲ. ಒಂದು ಡೊಳ್ಳು ಮಾತ್ರ ಸಡಿಲವಾಗಿದ್ದರೆ ಎಲ್ಲರೂ ಒಟ್ಟಿಗೆ ಹೊಡೆದರೂ ಅದು ತಡವಾಗಿ ಹೊಡೆದ ಹಾಗೆ ಕೇಳುತ್ತದೆ.

ಅದೇ ಹೊತ್ತಿನಲ್ಲಿ ಡೊಳ್ಳಿಗೆ ಪೂಜೆಯೂ ನಡೆಯುತ್ತಿರಬಹುದು. ಡೊಳ್ಳು ಹಾಲುಮತದ ಕುರುಬರು ಬೀರೇಶ್ವರನ ಸೇವೆಗೆ ಬಾರಿಸಿಕೊಂಡು ಬಂದ ವಾದ್ಯ. ಕರಿಕಂಬಳಿ, ಹಣೆಯ ಭಂಡಾರ ಎಲ್ಲ ಅಲ್ಲಿಂದಲೇ ಬಂದವು. ಡೊಳ್ಳಾಸುರ ಅನ್ನುವ ರಾಕ್ಷಸ ಶಿವನನ್ನೇ ನುಂಗಿದ, ಶಿವ ಹೊಟ್ಟೆ ಸೀಳಿ ಹೊರಬಂದು ಅವನ ಚರ್ಮದಿಂದ ಡೊಳ್ಳು ಮಾಡಿ ಭಕ್ತರಿಗೆ ಕೊಟ್ಟ ಅಂತ ಕತೆ ಹೇಳುತ್ತಾರೆ. ಈಗ ಶಿವಮೊಗ್ಗದ ಕಡೆ ಹೆಂಗಸರ ತಂಡಗಳೂ ಇವೆ. ಅವರ ಕುಣಿತ ನೋಡುವಾಗಲೂ ಮೇಲೆ ಹೇಳಿದ್ದೇ: ಕಾಲು, ಎಡಗೈ, ಖಾಲಿ ಎಣಿಕೆ. ಪೂಜೆಯ ಹೊತ್ತಿನಲ್ಲಿ ಮೊಬೈಲ್ ಹಿಡಿದು ನಡುವೆ ನುಗ್ಗಬೇಡಿ, ಚಪ್ಪಲಿ ಕಾಲಲ್ಲಿ ಡೊಳ್ಳು ದಾಟಬೇಡಿ.

ಮೊಬೈಲಿನಲ್ಲಿ ವಿಡಿಯೊ ಮಾಡುವವರಿಗೆ ಒಂದು ಮಾತು. ತೀರಾ ಹತ್ತಿರ ನಿಂತರೆ ದಪ್ಪ ಸದ್ದು ಮೈಕಿಗೆ ತಡೆಯಲಾಗದೆ ಒಡೆದುಹೋಗುತ್ತದೆ. ಹತ್ತು ಹದಿನೈದು ಮೀಟರ್ ದೂರವೇ ಅದಕ್ಕೂ ಸರಿ. ಚೌಕಟ್ಟಿನಲ್ಲಿ ಪಾದ ಕಾಣುತ್ತಿರಲಿ. ನಾನು ನೋಡಿದ ವಿಡಿಯೊಗಳಲ್ಲಿ ಮುಕ್ಕಾಲು ಪಾಲು ಸೊಂಟಕ್ಕೇ ಕತ್ತರಿಸಿರುತ್ತವೆ, ಮುಖ್ಯವಾದದ್ದೇ ಹೊರಗೆ.

ಕೊನೆಯ ಪೆಟ್ಟು

ಮುಕ್ತಾಯ ಹತ್ತಿರ ಬಂದಾಗ ವೇಗ ಮೇಲಿರುತ್ತದೆ, ಎಲ್ಲರಿಗೂ ಉಸಿರು ಹತ್ತಿರುತ್ತದೆ. ಒಂದು ದೊಡ್ಡ ಪೆಟ್ಟು, ಆಮೇಲೆ ಮೌನ. ಜನರಲ್ಲಿ ಜಾಸ್ತಿ ಜನ ಆ ಪೆಟ್ಟಿಗೇ ಚಪ್ಪಾಳೆ ಶುರು ಮಾಡುತ್ತಾರೆ. ನೀವು ಒಂದು ಗಳಿಗೆ ತಡೆದು ಕೇಳಿ. ಕೋಲು ಚರ್ಮದ ಮೇಲೇ ಒತ್ತಿ ನಿಲ್ಲಿಸಿದರೆ ಸದ್ದು ಕತ್ತರಿಸಿದ ಹಾಗೆ ನಿಲ್ಲುತ್ತದೆ, ಕೋಲು ಎತ್ತಿ ಬಿಟ್ಟರೆ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತದೆ. ಎಲ್ಲರೂ ಯಾವುದೋ ಒಂದನ್ನು ಮಾಡಿರಬೇಕು. ಅರ್ಧ ಜನ ಹೀಗೆ, ಅರ್ಧ ಜನ ಹಾಗೆ ಮಾಡಿದರೆ ಅಲ್ಲಿ ಅಭ್ಯಾಸ ಸಾಲದು.

ಕೆಲವು ಸಲ ಆ ಮೌನದಲ್ಲಿ ಎಲ್ಲಿಂದಲೋ ಒಂದು ಒಂಟಿ "ಟ" ಕೇಳಿಬರುತ್ತದೆ. ಆಗ ಸಾಲಿನ ಉದ್ದಕ್ಕೂ ಮುಖ ನೋಡಿ ಹೋಗಿ. ತಂಡದವರೆಲ್ಲ ನಗು ತಡೆದುಕೊಂಡು ಒಬ್ಬನ ಕಡೆಗೇ ನೋಡುತ್ತಿರುತ್ತಾರೆ, ಅವನು ಮಾತ್ರ ಆಕಾಶ ನೋಡುತ್ತಿರುತ್ತಾನೆ.